ಕಾಣುವ ಅನ್ನ, ಕಾಣದ ಎಣ್ಣೆ: ಬಿರಿಯಾನಿ ಪ್ಲೇಟಿನ ಲೆಕ್ಕ ಹಾಕುವುದು ಹೇಗೆ?

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತು. ಚನ್ನಗಿರಿಯ ಪೇಟೆಯಲ್ಲಾಗಲಿ, ಹೊನ್ನಾಳಿಯ ಹೊಳೆ ದಾಟಿ ಬರುವ ರಸ್ತೆಯಲ್ಲಾಗಲಿ, ನ್ಯಾಮತಿಯ ಸರ್ಕಲ್ಲಿನಲ್ಲಾಗಲಿ, ಜಗಳೂರಿನ ಬಸ್ ನಿಲ್ದಾಣದ ಬದಿಯಲ್ಲಾಗಲಿ, ದಮ್ ಕಟ್ಟಿದ ಪಾತ್ರೆಯ ಮುಚ್ಚಳ ತೆಗೆಯುವ ಸಮಯ ಅದೇ. ಹಬೆ ಏಳುತ್ತದೆ. ಬಡಿಸುವವನು ಸಾಸರಿನ ಅಂಚಿನಿಂದ ಮೇಲಿನ ಬಿಳಿ ಅನ್ನವನ್ನು ಪಕ್ಕಕ್ಕೆ ಸರಿಸಿ, ಪಾತ್ರೆಯ ಗೋಡೆಗುಂಟ ಕೆಳಗಿಳಿದು, ಮಸಾಲೆ ಹತ್ತಿದ ಅನ್ನವನ್ನೂ ಎರಡು ಪೀಸನ್ನೂ ಎತ್ತಿ ಪ್ಲೇಟಿಗೆ ಸುರಿಯುತ್ತಾನೆ. ಮೇಲೊಂದಿಷ್ಟು ಬಿಳಿ ಅನ್ನ, ಬದಿಯಲ್ಲಿ ಈರುಳ್ಳಿ, ನಿಂಬೆಹೋಳು, ಬಟ್ಟಲಲ್ಲಿ ಶೇರ್ವಾ. ಪ್ಲೇಟು ಟೇಬಲ್ಲಿಗೆ ಬರುವಷ್ಟರಲ್ಲಿ ಒಂದು ಪ್ರಶ್ನೆ ಈಗ ಈ ಊರುಗಳಲ್ಲೂ ಏಳುತ್ತಿದೆ. ಜಿಮ್ಮಿಗೆ ಹೋಗುವ ಹುಡುಗನಿಗೆ ಇದರಲ್ಲಿ ಪ್ರೋಟೀನ್ ಎಷ್ಟು ಎಂದು ತಿಳಿಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪಿಷ್ಟ ಎಷ್ಟು ಎಂಬುದು ಬೇಕು. ತೂಕ ಇಳಿಸಲು ಹೊರಟವರಿಗೆ ಒಟ್ಟು ಕ್ಯಾಲೊರಿ ಬೇಕು. ಎಲ್ಲರಿಗೂ ಸಿಗುವ ಉತ್ತರ ಒಂದೇ: ಅಡುಗೆಯವನು ಎಷ್ಟು ಎಣ್ಣೆ ಹಾಕಿದ್ದಾನೋ ಯಾರಿಗೆ ಗೊತ್ತು, ಹೋಟೆಲ್ ಊಟಕ್ಕೆ ಲೆಕ್ಕವೇ ಇಲ್ಲ.

ಈ ಉತ್ತರ ಅರ್ಧ ಮಾತ್ರ ಸರಿ. ಎಣ್ಣೆ ಗೊತ್ತಿಲ್ಲ ಎಂಬುದು ನಿಜ. ಆದರೆ ಎಣ್ಣೆ ಗೊತ್ತಿಲ್ಲದಿದ್ದರೆ ಪ್ಲೇಟಿನಲ್ಲಿರುವುದು ಏನೂ ಗೊತ್ತಾಗುವುದಿಲ್ಲ ಎಂಬುದು ನಿಜವಲ್ಲ. ಅನ್ನ ಕಣ್ಣೆದುರಿಗಿದೆ, ಮಾಂಸ ಕಣ್ಣೆದುರಿಗಿದೆ, ಎರಡನ್ನೂ ತೂಗಬಹುದು. ಉಳಿದ ಎಣ್ಣೆಗೆ ಒಂದು ಕೆಳಗಿನ ಗಡಿ, ಒಂದು ಮೇಲಿನ ಗಡಿ ಹಾಕಬಹುದು. ಕಾಣದ್ದನ್ನು ಕಂಡದ್ದರಿಂದ ಅಂದಾಜು ಮಾಡುವ ಕೆಲಸ ಈ ಸೀಮೆಗೆ ಹೊಸದೂ ಅಲ್ಲ. ಚನ್ನಗಿರಿಯ ಅಡಿಕೆ ತೋಟಕ್ಕೆ ಬರುವ ಖೇಣಿದಾರ ಗೊನೆ ಇನ್ನೂ ಮರದ ಮೇಲಿರುವಾಗಲೇ ತೋಟ ಸುತ್ತಿ ಬೆಲೆ ಕಟ್ಟುತ್ತಾನೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದಾಗ ಎಷ್ಟಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಅವನ ಬಾಯಲ್ಲಿರುತ್ತದೆ. ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ತೇವ ಎಷ್ಟಿದೆ ಎಂದು ಹೇಳುತ್ತಾನೆ. ಇಬ್ಬರ ಅಂದಾಜಿನಲ್ಲೂ ಹೆಚ್ಚು ಕಡಿಮೆ ಇರುತ್ತದೆ, ಆದರೆ ಎಷ್ಟು ಹೆಚ್ಚು ಕಡಿಮೆ ಎಂಬುದು ಅವರಿಗೆ ಗೊತ್ತಿರುತ್ತದೆ. ಬಿರಿಯಾನಿಗೂ ಬೇಕಾಗಿರುವುದು ಅದೇ.

ಪಟ್ಟಿಯಲ್ಲಿ ಬಿರಿಯಾನಿ ಇಲ್ಲ

ಜಿಮ್ಮಿನ ಹುಡುಗರು ಮ್ಯಾಕ್ರೋ ಎಂದು ಕರೆಯುವುದು ಆಹಾರದಲ್ಲಿ ದೊಡ್ಡ ಪ್ರಮಾಣದಲ್ಲಿರುವ ಮೂರು ವಸ್ತುಗಳನ್ನು: ಪಿಷ್ಟ, ಪ್ರೋಟೀನ್, ಕೊಬ್ಬು. ಶಕ್ತಿ ಬರುವುದು ಈ ಮೂರರಿಂದಲೇ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕ್ಯಾಲೊರಿ, ಪ್ರೋಟೀನಿನಿಂದಲೂ 4, ಕೊಬ್ಬಿನಿಂದ 9. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ತಮ್ಮ ಪ್ರಯೋಗಗಳಿಂದ ಹೊರತಂದ ಈ ಅಂಕಿಗಳನ್ನೇ ಇಂದಿಗೂ ಬಿಸ್ಕತ್ತಿನ ಪೊಟ್ಟಣದಿಂದ ಆಸ್ಪತ್ರೆಯ ಊಟದ ಚೀಟಿಯವರೆಗೆ ಬಳಸುತ್ತಾರೆ. ನಮ್ಮ ದೇಶದ ಆಹಾರಗಳಲ್ಲಿ ಯಾವುದು ಎಷ್ಟಿದೆ ಎಂದು ನೋಡಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಿವೆ. ಅವುಗಳಲ್ಲಿ 528 ಆಹಾರಗಳ ವಿವರವಿದೆ, ಆದರೆ ಅವು ಬಹುತೇಕ ಬೇಯಿಸದ ಪದಾರ್ಥಗಳು: ಅಕ್ಕಿ, ಕೋಳಿಮಾಂಸ, ಈರುಳ್ಳಿ. ಬಿರಿಯಾನಿ ಎಂಬ ಸಾಲು ಅಲ್ಲಿಲ್ಲ, ಇರುವುದು ಸಾಧ್ಯವೂ ಇಲ್ಲ. ಬಿರಿಯಾನಿ ಒಂದು ಪದಾರ್ಥವಲ್ಲ, ಪಾತ್ರೆಯಿಂದ ಪಾತ್ರೆಗೆ ಬದಲಾಗುವ ಮಿಶ್ರಣ. ಹಾಗಾಗಿ ಪ್ಲೇಟಿನಲ್ಲಿರುವುದನ್ನು ಮತ್ತೆ ಹಸಿ ಪದಾರ್ಥಕ್ಕೆ ತಿರುಗಿಸಿ ನೋಡುವುದೇ ಸರಿಯಾದ ದಾರಿ.

ಮೊಬೈಲಿನ ಆ್ಯಪ್‌ಗಳು ಈ ದಾರಿಯನ್ನು ಬಿಟ್ಟು ‘ಒಂದು ಪ್ಲೇಟ್ ಚಿಕನ್ ಬಿರಿಯಾನಿ’ ಎಂದು ಒಂದೇ ಅಂಕಿ ಕೊಡುತ್ತವೆ. ಆ ಅಂಕಿ ಎಲ್ಲೋ ಯಾರದೋ ಪಾಕದಿಂದ ಬಂದದ್ದು. ಅದಕ್ಕಿಂತ ದೊಡ್ಡ ತೊಂದರೆ ‘ಪ್ಲೇಟ್’ ಎಂಬ ಮಾತಿನದು. ಒಂದೇ ಬೀದಿಯ ಎರಡು ಹೋಟೆಲುಗಳ ಫುಲ್ ಪ್ಲೇಟು ಒಂದೇ ತೂಕದ್ದಲ್ಲ ಎಂಬುದು ಅಲ್ಲಿ ಉಂಡವರಿಗೆಲ್ಲ ಗೊತ್ತು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ, ಇಲ್ಲವೇ ಕೇಂದ್ರದ ಪರವಾನಗಿ ಪಡೆದ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ತಾಲ್ಲೂಕು ಕೇಂದ್ರದ ಒಂದೇ ಮಳಿಗೆಯ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಉಣ್ಣುವವರು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಕು.

ಮೊದಲು ತಕ್ಕಡಿ

ಒಂದು ಪ್ಲೇಟನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪಾರ್ಸೆಲ್ ತಂದ ಒಂದು ಫುಲ್ ಚಿಕನ್ ಬಿರಿಯಾನಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿ, ಪೀಸುಗಳನ್ನು ಬೇರೆ ಎತ್ತಿಟ್ಟು, ಮಸಾಲೆ ಸಮೇತ ಅನ್ನವನ್ನಷ್ಟೇ ತೂಗಿದರೆ 420 ಗ್ರಾಂ ಬಂತು ಎನ್ನಿ. ಎರಡು ಪೀಸು ಮೂಳೆ ಸಮೇತ 120 ಗ್ರಾಂ. ಉಂಡಾದ ಮೇಲೆ ಮೂಳೆಗಳನ್ನು ಎಸೆಯದೆ ಅದೇ ತಕ್ಕಡಿಗೆ ಹಾಕಿದರೆ 40 ಗ್ರಾಂ. ಅಂದರೆ ಹೊಟ್ಟೆಗೆ ಹೋದ ಮಾಂಸ 80 ಗ್ರಾಂ. ಈ ಕೊನೆಯ ತೂಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೂಳೆಯನ್ನೂ ಮಾಂಸವೆಂದು ಲೆಕ್ಕ ಹಾಕಿ, ಪ್ರೋಟೀನ್ ಒಂದೂವರೆ ಪಟ್ಟು ಬಂತೆಂದು ಸಂತೋಷಪಡುತ್ತಾರೆ. ಚಿಕ್ಕ ಪೀಸು, ಪಕ್ಕೆಲುಬಿನ ಪೀಸು ಬಂದ ದಿನ ಮೂಳೆಯ ಪಾಲು ಇನ್ನೂ ಜಾಸ್ತಿ.

ಮಾಂಸದ ಲೆಕ್ಕ ಸುಲಭ. ಹಸಿ ಕೋಳಿಮಾಂಸದಲ್ಲಿ ನೂರು ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಬೇಯುವಾಗ ಮಾಂಸ ನೀರು ಬಿಟ್ಟು ಕುಗ್ಗುತ್ತದೆ, ಆದರೆ ಪ್ರೋಟೀನ್ ಬಹುಪಾಲು ಅದರಲ್ಲೇ ಉಳಿಯುತ್ತದೆ. ಅದಕ್ಕೇ ಬೆಂದ ಮಾಂಸದ ನೂರು ಗ್ರಾಂನಲ್ಲಿ 26 ಗ್ರಾಂ ಆಸುಪಾಸು ಪ್ರೋಟೀನ್. 80 ಗ್ರಾಂಗೆ 21 ಗ್ರಾಂ ಆಯಿತು. ಚರ್ಮ ತೆಗೆದ ಕೋಳಿಯ ಸ್ವಂತ ಕೊಬ್ಬು ಇಷ್ಟು ಮಾಂಸದಲ್ಲಿ 6 ಗ್ರಾಂ ಎಂದು ಹಿಡಿಯಬಹುದು.

ಅನ್ನಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಒಂದು ಕೆ.ಜಿ. ಅಕ್ಕಿ ಬೆಂದು ಬಿರಿಯಾನಿಯ ಹದಕ್ಕೆ ಬಂದಾಗ ಸುಮಾರು 2.6 ಕೆ.ಜಿ. ಅನ್ನವಾಗುತ್ತದೆ. ಅದರೊಟ್ಟಿಗೆ ಹುರಿದ ಈರುಳ್ಳಿ, ಟೊಮೆಟೊ, ಮೊಸರು, ಪುದೀನ, ಎಣ್ಣೆ ಎಲ್ಲ ಬೆಂದು ಇಂಗಿ ಅರ್ಧ ಕೆ.ಜಿ. ಮಸಾಲೆ ಸೇರುತ್ತದೆ. ಎರಡೂ ಸೇರಿ 3.1 ಕೆ.ಜಿ. ಪ್ಲೇಟಿನ 420 ಗ್ರಾಂ ಅನ್ನದ ಹಿಂದೆ ಇರುವ ಒಣ ಅಕ್ಕಿ ಹಾಗಾದರೆ 135 ಗ್ರಾಂ. ಅಕ್ಕಿಯಲ್ಲಿ ನೂರಕ್ಕೆ 78ರಷ್ಟು ಪಿಷ್ಟ, 8ರಷ್ಟು ಪ್ರೋಟೀನ್. ಅಂದರೆ ಅಕ್ಕಿಯಿಂದ 105 ಗ್ರಾಂ ಪಿಷ್ಟ, 11 ಗ್ರಾಂ ಪ್ರೋಟೀನ್. ಈರುಳ್ಳಿ, ಟೊಮೆಟೊ, ಮೊಸರಿನಿಂದ ಮತ್ತೆ 8 ಗ್ರಾಂ ಪಿಷ್ಟ, 2 ಗ್ರಾಂ ಪ್ರೋಟೀನ್. ಒಟ್ಟು ಪಿಷ್ಟ 113, ಪ್ರೋಟೀನ್ 34. ಇಲ್ಲಿಯವರೆಗೆ ಎಣ್ಣೆಯ ಸುದ್ದಿಯೇ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಮೂರರಲ್ಲಿ ಎರಡು ಅಂಕಿ ಅಡುಗೆಯವನನ್ನು ಒಂದು ಮಾತೂ ಕೇಳದೆ ಕೈಗೆ ಬಂದವು.

ಅಕ್ಕಿ ಯಾವುದು ಎಂಬುದರಿಂದ ವ್ಯತ್ಯಾಸ ಆಗುವುದಿಲ್ಲವೇ? ಆಗುತ್ತದೆ, ಆದರೆ ಜನ ಎಣಿಸುವ ಕಾರಣದಿಂದಲ್ಲ. ಬಾಸುಮತಿ, ಸೋನಾ ಮಸೂರಿ, ಜೀರಾ ರೈಸ್ ಯಾವುದೇ ಇರಲಿ, ಒಣ ಅಕ್ಕಿಯಲ್ಲಿರುವ ಪಿಷ್ಟ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅದು ಕುಡಿಯುವ ನೀರು. ಅಗುಳು ಬಿಡಿಬಿಡಿಯಾಗಿ, ಸ್ವಲ್ಪ ಗಟ್ಟಿಯಾಗಿದ್ದರೆ ಒಂದು ಕೆ.ಜಿ. ಅಕ್ಕಿ 2.4 ಕೆ.ಜಿ. ಅನ್ನಕ್ಕೇ ನಿಂತಿರುತ್ತದೆ, ಮೆತ್ತಗೆ ಬೆಂದು ಒಂದಕ್ಕೊಂದು ಅಂಟಿದ್ದರೆ ಮೂರು ಕೆ.ಜಿ.ವರೆಗೂ ಹೋಗಿರಬಹುದು. ಇದೇ 420 ಗ್ರಾಂನಲ್ಲಿ ಪಿಷ್ಟ ಮೊದಲನೆಯದಕ್ಕೆ 121 ಗ್ರಾಂ, ಎರಡನೆಯದಕ್ಕೆ 102 ಗ್ರಾಂ. ಬೆರಳಲ್ಲಿ ಒಂದು ಅಗುಳು ಹಿಸುಕಿ ನೋಡಿದರೆ ಯಾವ ಕಡೆಗೆ ವಾಲಬೇಕೆಂದು ತಿಳಿಯುತ್ತದೆ.

ಎಣ್ಣೆಗೆ ಎರಡು ಗಡಿ

ಈಗ ಎಣ್ಣೆ. ಒಂದು ಪ್ಲೇಟಿಗೆ ಎಷ್ಟು ಎಣ್ಣೆ ಎಂದು ಅಡುಗೆಯವರನ್ನು ಕೇಳಿದರೆ ಅವರಿಗೆ ಹೇಳಲಾಗುವುದಿಲ್ಲ. ಮುಚ್ಚಿಡುತ್ತಿದ್ದಾರೆಂದಲ್ಲ, ಯಾವ ಅಡುಗೆಯವರೂ ಪ್ಲೇಟಿನ ಲೆಕ್ಕದಲ್ಲಿ ಬಿರಿಯಾನಿ ಮಾಡುವುದಿಲ್ಲ. ಅವರ ಲೆಕ್ಕ ಇರುವುದು ಪಾತ್ರೆಯಲ್ಲಿ. ‘ಹತ್ತು ಕೆ.ಜಿ. ಅಕ್ಕಿಗೆ ಎಷ್ಟು ಲೀಟರ್ ಎಣ್ಣೆ ಹಿಡಿಯುತ್ತದೆ’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ, ಏಕೆಂದರೆ ಬೆಳಿಗ್ಗೆ ಅಷ್ಟು ಪ್ಯಾಕೆಟ್ ಕತ್ತರಿಸಿ ಸುರಿದವರು ಅವರೇ. ಎರಡು ಲೀಟರ್ ಎಂದರು ಎನ್ನಿ. ಹತ್ತು ಕೆ.ಜಿ. ಅಕ್ಕಿಯಿಂದ ಮಸಾಲೆ ಸೇರಿ 31 ಕೆ.ಜಿ. ಆಗುತ್ತದೆ, 420 ಗ್ರಾಂನಂತೆ 74 ಪ್ಲೇಟು. ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ ಮೇಲೆ ತೂಕ 910 ಗ್ರಾಂ ಎಂದು ಅಚ್ಚಾಗಿರುತ್ತದೆ. 1,820 ಗ್ರಾಂ ಎಣ್ಣೆಯನ್ನು 74ರಿಂದ ಭಾಗಿಸಿದರೆ ಪ್ಲೇಟಿಗೆ 25 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿ ಊಟ ಮಾಡುವವರಿಗೆ ಇಡೀ ದಿನಕ್ಕೆ ಸೂಚಿಸಿರುವ ಎಣ್ಣೆ, ತುಪ್ಪದ ಪ್ರಮಾಣ 27 ಗ್ರಾಂ. ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಈ 25ರ ಭಾರ ತಿಳಿಯುತ್ತದೆ.

ಕೇಳುವ ಅವಕಾಶವೇ ಇಲ್ಲದಿದ್ದರೆ? ಆಗ ಗಡಿಗಳು. ಕೆ.ಜಿ. ಅಕ್ಕಿಗೆ 100 ಮಿ.ಲೀ.ಗಿಂತ ಕಡಿಮೆ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿಯುವುದು, ಮಸಾಲೆ ತಳ ಹಿಡಿಯದಂತೆ ನೋಡುವುದು, ಮೂರು ಗಂಟೆಯವರೆಗೆ ಅನ್ನ ಉದುರಾಗಿ ಉಳಿಸುವುದು ಹೋಟೆಲಿಗೆ ಕಷ್ಟ. 300 ಮಿ.ಲೀ. ದಾಟಿದರೆ ಅನ್ನ ಅದನ್ನು ಹಿಡಿದಿಡಲಾರದು. ಹೆಚ್ಚಾದದ್ದು ಇಳಿದು ಪಾರ್ಸೆಲ್ ಡಬ್ಬಿಯ ತಳದಲ್ಲಿ ಕೆಂಪಗೆ ನಿಲ್ಲುತ್ತದೆ, ಪ್ಲೇಟನ್ನು ವಾರೆ ಮಾಡಿದರೆ ಅಂಚಿಗೆ ಹರಿದು ಬರುತ್ತದೆ. ಹಾಗೆ ಹರಿಯದ ಪ್ಲೇಟು ಈ ಎರಡು ಗಡಿಗಳ ನಡುವೆಯೇ ಇದೆ ಎಂದು ಧೈರ್ಯವಾಗಿ ಹಿಡಿಯಬಹುದು. ನಮ್ಮ ಪ್ಲೇಟಿನ ಲೆಕ್ಕದಲ್ಲಿ ಅದು ಕನಿಷ್ಠ 12 ಗ್ರಾಂ, ಗರಿಷ್ಠ 37 ಗ್ರಾಂ. ಕೋಳಿಯ ಸ್ವಂತ ಕೊಬ್ಬು, ಅಕ್ಕಿ ಮತ್ತು ಮೊಸರಿನದು ಸೇರಿ ಇನ್ನು 8 ಗ್ರಾಂ ಕೂಡಿಸಿದರೆ ಒಟ್ಟು ಕೊಬ್ಬು 20ರಿಂದ 45 ಗ್ರಾಂ, ನಡುವಿನ ಅಂದಾಜು 33.

ಕಣ್ಣಳತೆಯ ಬಗ್ಗೆ ಒಂದು ಎಚ್ಚರಿಕೆ ಇಲ್ಲಿ ಬೇಕು. ಅಗುಳಿನ ಹೊಳಪು ನೋಡಿ ಎಣ್ಣೆ ಎಷ್ಟೆಂದು ಹೇಳಲಾಗದು. ಅಗುಳಿನ ಮೈಗೆ ತೆಳುವಾಗಿ ಸವರಿಕೊಳ್ಳಲು ಬೇಕಾದ ಎಣ್ಣೆ ತೀರಾ ಕಡಿಮೆ. ಅಷ್ಟು ಸಿಕ್ಕಮೇಲೆ ಇನ್ನೂ ಎರಡು ಪಟ್ಟು ಹಾಕಿದರೂ ಹೊಳಪು ಹೆಚ್ಚುವುದಿಲ್ಲ. ಬಣ್ಣವೂ ಮೋಸ ಮಾಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗಿ ಹರಡುವುದರಿಂದ, ಖಾರದ ಕೆಂಪು ಬಿರಿಯಾನಿ ಎಣ್ಣೆಯದೆಂದು ಅನಿಸುತ್ತದೆ. ಹಸಿಮೆಣಸು, ಪುದೀನದ ಹಸಿರು ಬಿರಿಯಾನಿ ಹಗುರವೆಂದು ಅನಿಸುತ್ತದೆ. ಎರಡರಲ್ಲೂ ಎಣ್ಣೆ ಒಂದೇ ಇರಬಹುದು.

ಗೊತ್ತಿಲ್ಲದ್ದು ಎಷ್ಟು ದೊಡ್ಡದು?

ಮೂರನ್ನೂ ಕೂಡಿಸಿ ನೋಡೋಣ. ಪಿಷ್ಟದಿಂದ 452 ಕ್ಯಾಲೊರಿ, ಪ್ರೋಟೀನಿನಿಂದ 136. ಕೊಬ್ಬಿನಿಂದ ಕನಿಷ್ಠ 180, ಗರಿಷ್ಠ 405, ನಡುವೆ 297. ಇಡೀ ಪ್ಲೇಟು 770ರಿಂದ 990, ನಡುವಿನ ಅಂದಾಜು 885. ಎಣ್ಣೆ ಒಂದಕ್ಕೆ ಮೂರು ಪಟ್ಟು ಹೆಚ್ಚುಕಡಿಮೆ ಆದರೂ ಒಟ್ಟು ಕ್ಯಾಲೊರಿ ಆ ಕಡೆ ಈ ಕಡೆ ಸರಿಯುವುದು ನೂರಕ್ಕೆ ಹನ್ನೆರಡು ಹದಿಮೂರರಷ್ಟು ಮಾತ್ರ. ಈಗ ಅನ್ನದ ಕಡೆ ತಿರುಗಿ ನೋಡಿ. ತಕ್ಕಡಿ ಇಲ್ಲದೆ ಕಣ್ಣಲ್ಲೇ ಅಳೆದವರು 420 ಗ್ರಾಂ ಇರುವ ಕಡೆ 550 ಎಂದೋ 290 ಎಂದೋ ಭಾವಿಸುವುದು ಮಾಮೂಲು. ಆ 130 ಗ್ರಾಂ ಅನ್ನದ ಬೆಲೆ, ಅದರಲ್ಲಿರುವ ಎಣ್ಣೆಯೂ ಸೇರಿ, 225 ಕ್ಯಾಲೊರಿಯ ಆಸುಪಾಸು. ಎಣ್ಣೆಯ ಕೆಳಗಿನ ಗಡಿಗೂ ಮೇಲಿನ ಗಡಿಗೂ ಇರುವ ಇಡೀ ಅಂತರವೇ ಅಷ್ಟು. ಗೊತ್ತಿಲ್ಲದ ಎಣ್ಣೆಯ ಬಗ್ಗೆ ತಲೆ ಕೆಡಿಸಿಕೊಂಡವರು, ಕಣ್ಣೆದುರಿಗಿರುವ ಅನ್ನವನ್ನು ತೂಗದೆ ಅಷ್ಟೇ ದೊಡ್ಡ ತಪ್ಪನ್ನು ತಾವೇ ಮಾಡುತ್ತಿರುತ್ತಾರೆ. ಅಡುಗೆಯವನ ಕೈಗಿಂತ ಬಡಿಸುವವನ ಸೌಟು ಮುಖ್ಯ ಎಂದು ಹೇಳುವುದು ಇದಕ್ಕೇ.

ಇಲ್ಲಿಂದ ಉಪಯೋಗಕ್ಕೆ ಬರುವ ಒಂದು ಅಂಕಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ತಿಂದದ್ದು ಅನ್ನ, ಮಾಂಸ ಸೇರಿ 500 ಗ್ರಾಂ. ಅಂದರೆ ನೂರು ಗ್ರಾಂಗೆ 155ರಿಂದ 200 ಕ್ಯಾಲೊರಿ. ಆ್ಯಪ್ ಕೊಡುವ ಅಂಕಿಯನ್ನು ಇದಕ್ಕೆ ಹಿಡಿದು ನೋಡಬಹುದು. ನೂರು ಗ್ರಾಂಗೆ 110 ಎಂದಿದ್ದರೆ ಅದು ಎಣ್ಣೆಯೇ ಇಲ್ಲದ ಬರೀ ಅನ್ನಕ್ಕಿಂತಲೂ ಕಡಿಮೆ. 290 ಎಂದಿದ್ದರೆ ಎಣ್ಣೆ ತಟ್ಟೆಯಲ್ಲಿ ಹರಿಯುತ್ತಿರಬೇಕು. ಅಂಥ ಅಂಕಿಯನ್ನು ನಂಬುವುದು ಬೇಡ. ತಕ್ಕಡಿ ಇಲ್ಲದೆ ಹೋಟೆಲಿನಲ್ಲೇ ಕೂತು ಉಣ್ಣುವವರಿಗೆ ಒಂದು ಉಪಾಯವಿದೆ: ಅದೇ ಹೋಟೆಲಿನ ಒಂದು ಪಾರ್ಸೆಲ್ಲನ್ನು ಒಮ್ಮೆ ಮನೆಗೆ ತಂದು ತೂಗಿಟ್ಟುಕೊಳ್ಳುವುದು. ಬಡಿಸುವವನ ಅಳತೆ ಒಂದು ಬಟ್ಟಲಿನದೋ ಸಾಸರಿನದೋ ಆಗಿರುವುದರಿಂದ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಪಾರ್ಸೆಲ್ಲಿಗೆ ಒಂದು ಹಿಡಿ ಹೆಚ್ಚು ಹಾಕುವ ಅಥವಾ ಕಡಿಮೆ ಹಾಕುವ ರೂಢಿ ಇದ್ದರೆ ಅದನ್ನು ನೋಡಿ ತಿದ್ದಿಕೊಳ್ಳಬೇಕು.

ಕುಷ್ಕಾ ತಿನ್ನುವವರೂ ಇದೇ ಲೆಕ್ಕವನ್ನು ಬಳಸಬಹುದು. ಅದೇ ಪಾತ್ರೆಯ ಅನ್ನ, ಪೀಸು ಇಲ್ಲ. 420 ಗ್ರಾಂ ಕುಷ್ಕಾದಲ್ಲಿ ಪಿಷ್ಟ ಅಷ್ಟೇ 113, ಕೊಬ್ಬು ಕೋಳಿಯದಷ್ಟು ಕಳೆದು 27, ಆದರೆ ಪ್ರೋಟೀನ್ 34ರಿಂದ 13ಕ್ಕೆ ಇಳಿಯುತ್ತದೆ. ಜೊತೆಗೊಂದು ಬೇಯಿಸಿದ ಮೊಟ್ಟೆ ತೆಗೆದುಕೊಂಡರೆ 6 ಗ್ರಾಂ ವಾಪಸು ಬರುತ್ತದೆ. ಶೇರ್ವಾವನ್ನು ಮಾತ್ರ ಈ ಲೆಕ್ಕದಲ್ಲಿ ಸೇರಿಸಿಲ್ಲ. ಬಟ್ಟಲಿನ ಮೇಲೆ ತೇಲುವ ಕೆಂಪು ಪದರ ಪೂರ್ತಿ ಎಣ್ಣೆ. ಅದನ್ನು ಅನ್ನದ ಮೇಲೆ ಸುರಿದುಕೊಂಡರೆ ಎಣ್ಣೆಯ ಅಂದಾಜು ಮೇಲಿನ ಗಡಿಯ ಕಡೆಗೆ ಹೋಗುತ್ತದೆ. ಚಮಚದಲ್ಲಿ ಆ ಪದರವನ್ನು ಬದಿಗೆ ತೆಗೆಯುವುದು ಪ್ಲೇಟಿನ ಎಣ್ಣೆಯಲ್ಲಿ ಉಣ್ಣುವವರ ಕೈಯಲ್ಲೇ ಇರುವ ಭಾಗ.

‘ಇವತ್ತಿನದು ನಾಳೆ ಇರಲ್ಲ’

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಪಾತ್ರೆಯ ಸರಾಸರಿ ಕಟ್ಟಿಕೊಂಡು ಏನು ಮಾಡುವುದು, ಒಂದೇ ಪಾತ್ರೆಯ ಎರಡು ಪ್ಲೇಟು ಒಂದೇ ತರಹ ಇರುವುದಿಲ್ಲವಲ್ಲ? ಮಾತು ಸರಿ. ದಮ್ ಬಿರಿಯಾನಿಯಲ್ಲಿ ಮಸಾಲೆ ಕೆಳಗೆ, ಅನ್ನ ಮೇಲೆ. ಬಿಸಿಯಲ್ಲಿ ಎಣ್ಣೆ ತೆಳುವಾಗಿ ಅಗುಳುಗಳ ಸಂದಿಯಿಂದ ಕೆಳಗೆ ಜಾರುತ್ತದೆ. ಹನ್ನೆರಡೂವರೆಗೆ ಮೊದಲು ಬಡಿಸಿದ ಪ್ಲೇಟಿನಲ್ಲಿ ಬಿಳಿ ಅನ್ನ ಹೆಚ್ಚು; ಮೂರು ಗಂಟೆಗೆ ತಳ ಕೆರೆದು ಬಡಿಸಿದ್ದರಲ್ಲಿ ಮಸಾಲೆ ಮತ್ತು ಎಣ್ಣೆ ಹೆಚ್ಚು. ಬಡಿಸುವವನು ಗೋಡೆಗುಂಟ ತಳದವರೆಗೆ ನೆಟ್ಟಗೆ ಇಳಿದರೆ ಪ್ರತಿ ಪ್ಲೇಟಿಗೂ ಮೇಲಿನದು ಕೆಳಗಿನದು ಸಮವಾಗಿ ಬರುತ್ತದೆ, ಮೇಲಿಂದ ಮೇಲೆ ತೆಗೆಯುತ್ತಾ ಹೋದರೆ ಬರುವುದಿಲ್ಲ.

ಆದರೆ ತಪ್ಪುಗಳಲ್ಲಿ ಎರಡು ಜಾತಿ. ಒಂದು ದಿನ ಮೇಲಿನ ಅನ್ನ, ಇನ್ನೊಂದು ದಿನ ತಳದ ಅನ್ನ ಬರುವುದು ಮೊದಲನೆಯದು. ತಿಂಗಳಲ್ಲಿ ಐದಾರು ಸಲ ಅದೇ ಹೋಟೆಲಿನಲ್ಲಿ ಉಣ್ಣುವವರಿಗೆ ಈ ಹೆಚ್ಚು ಕಡಿಮೆ ತಾನಾಗಿ ಸರಿದೂಗುತ್ತದೆ. ಎರಡನೆಯದು ಆ ಹೋಟೆಲಿನ ಪಾಕದ್ದೇ ಸ್ವಭಾವ: ಅಲ್ಲಿ ಕೆ.ಜಿ.ಗೆ 250 ಮಿ.ಲೀ. ಹಾಕುತ್ತಾರೆ, ನಾವು 150 ಎಂದುಕೊಂಡಿದ್ದೇವೆ. ಇದು ಎಷ್ಟು ಸಲ ಉಂಡರೂ ಸರಿಹೋಗುವುದಿಲ್ಲ, ಪ್ರತಿ ಸಲವೂ ಒಂದೇ ಕಡೆಗೆ ತಪ್ಪಿಸುತ್ತದೆ. ಆದ್ದರಿಂದ ಪ್ಲೇಟಿನಿಂದ ಪ್ಲೇಟಿಗೆ ಆಗುವ ವ್ಯತ್ಯಾಸದ ಬೆನ್ನು ಹತ್ತುವುದಕ್ಕಿಂತ, ಹೋಟೆಲಿನ ಪಾಕದ ಪ್ರಮಾಣವನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಸುರಕ್ಷಿತವಾಗಿರಲಿ ಎಂದು ಎಣ್ಣೆಯನ್ನು ಸುಮ್ಮನೆ ದುಪ್ಪಟ್ಟು ಹಿಡಿಯುವವರೂ ಇದ್ದಾರೆ. ಅದರಿಂದ ಲೆಕ್ಕ ಸುರಕ್ಷಿತವಾಗುವುದಿಲ್ಲ, ಇನ್ನೊಂದು ಕಡೆಗೆ ತಪ್ಪುತ್ತದೆ ಅಷ್ಟೆ. ಹೋಟೆಲಿನಲ್ಲಿ ಎಣ್ಣೆ ಮಾಂಸಕ್ಕಿಂತ ಅಗ್ಗ, ರುಚಿಗೂ ಉದುರಿಗೂ ಬೇಕು ಎಂಬ ಕಾರಣಕ್ಕೆ ನಡುವಿಗಿಂತ ತುಸು ಮೇಲೆ ಹಿಡಿಯುವುದು ನ್ಯಾಯ. ಗಡಿ ದಾಟಿ ಹಿಡಿಯುವುದಕ್ಕೆ ಆಧಾರವಿಲ್ಲ.

ಲೋಟದಲ್ಲಿ ಒಂದು ಪರೀಕ್ಷೆ

ಕೇಳಲೂ ಆಗದು, ಅಂದಾಜೂ ಸಾಲದು ಎನ್ನುವವರಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಪ್ರಯೋಗಾಲಯದಲ್ಲಿ ಆಹಾರವನ್ನು ಒಣಗಿಸಿ ಪುಡಿ ಮಾಡಿ, ಕೊಬ್ಬನ್ನು ಕರಗಿಸುವ ದ್ರಾವಕದಲ್ಲಿ ಗಂಟೆಗಟ್ಟಲೆ ತೊಳೆದು, ದ್ರಾವಕ ಆರಿಸಿ, ಉಳಿದದ್ದನ್ನು ತೂಗುತ್ತಾರೆ. ಮನೆಯಲ್ಲಿ ಆ ದ್ರಾವಕದ ಜಾಗಕ್ಕೆ ಬಿಸಿನೀರು. ಮೇಲಿನದು ಕೆಳಗಿನದು ಚೆನ್ನಾಗಿ ಬೆರೆಸಿದ ಬಿರಿಯಾನಿ ಅನ್ನ 100 ಗ್ರಾಂ ತೂಗಿ ಸ್ಟೀಲ್ ಪಾತ್ರೆಗೆ ಹಾಕಿ, ಕುದಿಯುವ ನೀರು 150 ಮಿ.ಲೀ. ಸುರಿದು, ಅಗುಳು ನುರಿಯದಂತೆ ಎರಡು ನಿಮಿಷ ಆಡಿಸಿ ಸೋಸಬೇಕು. ಇನ್ನೊಂದು ಸಲ ಅಷ್ಟೇ ಬಿಸಿನೀರಿನಲ್ಲಿ ತೊಳೆದು, ಎರಡೂ ನೀರನ್ನು ನೆಟ್ಟಗಿನ ಗಾಜಿನ ಲೋಟಕ್ಕೆ ಹಾಕಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಅಲುಗಿಸದೆ ಇಡಬೇಕು. ಬೆಳಿಗ್ಗೆಗೆ ಗಸಿ ತಳಕ್ಕೆ ಇಳಿದು, ಎಣ್ಣೆ ಮೇಲೆ ಪದರವಾಗಿ ನಿಂತಿರುತ್ತದೆ. ಲೋಟದ ಒಳಗಿನ ಅಡ್ಡಳತೆ 6 ಸೆಂ.ಮೀ. ಇದ್ದರೆ ಪ್ರತಿ ಒಂದು ಮಿ.ಮೀ. ಪದರ ಸುಮಾರು 2.6 ಗ್ರಾಂ ಎಣ್ಣೆ. ಸ್ಕೇಲು ಹಿಡಿದಾಗ ಎರಡು ಮಿ.ಮೀ.ಗಿಂತ ತುಸು ಹೆಚ್ಚು ಕಂಡರೆ ನೂರು ಗ್ರಾಂ ಅನ್ನಕ್ಕೆ 6 ಗ್ರಾಂ, ಅಂದರೆ 420 ಗ್ರಾಂ ಪ್ಲೇಟಿಗೆ ಅದೇ 25.

ಈ ಪರೀಕ್ಷೆಯ ಮಿತಿ ತಿಳಿದಿರಬೇಕು. ಅಗುಳಿನ ಒಳಗೆ, ಈರುಳ್ಳಿಯ ಎಸಳಿನಲ್ಲಿ ಹೊಕ್ಕ ಎಣ್ಣೆ ಪೂರ್ತಿ ಹೊರಗೆ ಬರುವುದಿಲ್ಲ. ಗಂಜಿ ಬೆರೆತು ನೀರು ಹಾಲಿನಂತಾದರೆ ಒಂದಿಷ್ಟು ಎಣ್ಣೆ ಅದರಲ್ಲೇ ತೇಲಾಡುತ್ತದೆ. ಹಾಗಾಗಿ ಸಿಕ್ಕ ಅಂಕಿಯನ್ನು ‘ಕನಿಷ್ಠ ಇಷ್ಟು’ ಎಂದೇ ಓದಬೇಕು. ಎಣ್ಣೆಯ ಜಾತಿಯೂ ಇದರಲ್ಲಿ ಬಯಲಾಗುತ್ತದೆ. ಸೂರ್ಯಕಾಂತಿ ಎಣ್ಣೆ ಫ್ರಿಜ್ಜಿನಲ್ಲೂ ನೀರಾಗಿಯೇ ಇರುತ್ತದೆ, ತಾಳೆ ಎಣ್ಣೆ ಮಬ್ಬಾಗಿ ಹೆಪ್ಪುಗಟ್ಟುತ್ತದೆ, ಡಾಲ್ಡಾ ಅಥವಾ ತುಪ್ಪ ಇದ್ದರೆ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಬಿಲ್ಲೆ ಸಿಕ್ಕರೆ ಸ್ಕೇಲು ಬೇಡ, ಎತ್ತಿ ಒರೆಸಿ ತೂಗಿದರೆ ಆಯಿತು.

ಯಾರಿಗೆ ಯಾವ ಅಂಕಿ

ಮೂರು ಅಂಕಿಗಳೂ ಒಂದೇ ಮಟ್ಟಿಗೆ ನಂಬಿಕಸ್ಥವಲ್ಲ ಎಂಬುದು ಇಷ್ಟು ಹೊತ್ತಿಗೆ ಸ್ಪಷ್ಟವಾಗಿರಬೇಕು. ಪ್ರೋಟೀನ್ ಗಟ್ಟಿ, ಪಿಷ್ಟ ಬಹುಮಟ್ಟಿಗೆ ಗಟ್ಟಿ, ಕೊಬ್ಬು ಸಡಿಲ. ಅದೃಷ್ಟಕ್ಕೆ, ತಪ್ಪಿದರೆ ತಕ್ಷಣ ತೊಂದರೆ ಆಗುವವರಿಗೆ ಬೇಕಾಗಿರುವುದು ಗಟ್ಟಿ ಅಂಕಿಯೇ. ಊಟದ ಪಿಷ್ಟ ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ 102ರಿಂದ 121 ಎಂಬ ಅಂದಾಜು ಸಿಗುತ್ತದೆ, ಅದೂ ಪಾಕ ಗೊತ್ತಿಲ್ಲದೆ. ಹಾಗೆಂದು ಕೊಬ್ಬನ್ನು ಅವರು ಮರೆಯುವಂತಿಲ್ಲ. ಹೆಚ್ಚು ಕೊಬ್ಬಿನ ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ರಕ್ತದ ಸಕ್ಕರೆ ಬರೀ ಅನ್ನ ಉಂಡಾಗ ಏರುವಂತೆ ಬೇಗ ಏರದೆ, ಮೂರು ನಾಲ್ಕು ಗಂಟೆ ಕಳೆದ ಮೇಲೂ ಏರುತ್ತಲೇ ಇರಬಹುದು. ಟೈಪ್ 1 ಮಧುಮೇಹಿಗಳ ಮೇಲಿನ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಎರಡು ಗಂಟೆಯ ಪರೀಕ್ಷೆಯಲ್ಲಿ ಸಕ್ಕರೆ ಹದದಲ್ಲಿದೆ ಎಂದು ಸುಮ್ಮನಾಗದೆ, ಬಿರಿಯಾನಿ ಉಂಡ ದಿನ ಐದು ಗಂಟೆಯ ಹೊತ್ತಿಗೆ ಇನ್ನೊಮ್ಮೆ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಔಷಧಿಯ ಹೊತ್ತು ಹೇಗಿರಬೇಕೆಂದು ಅವರು ಹೇಳಬಲ್ಲರು. ಅದಕ್ಕೆ ಎಣ್ಣೆ 25 ಗ್ರಾಮೋ 30 ಗ್ರಾಮೋ ಎಂಬ ಖಚಿತತೆ ಬೇಕಿಲ್ಲ. ಹೆಚ್ಚಿದೆ ಎಂದು ಗೊತ್ತಿದ್ದರೆ ಸಾಕು.

ತೂಕದ ಲೆಕ್ಕ ಇಡುವವರು 885 ಎಂದು ಒಂದೇ ಅಂಕಿ ಬರೆದುಕೊಳ್ಳುವ ಬದಲು ‘770–990’ ಎಂದು ಬರೆದುಕೊಳ್ಳುವುದು ಒಳ್ಳೆಯದು. ಆಗ ರಾತ್ರಿಯ ಊಟವನ್ನು ಮೇಲಿನ ಅಂಕಿಗೆ ಹೊಂದಿಸಿಕೊಳ್ಳಬಹುದು. ತೋಟದಲ್ಲಿ ಕೊನೆ ಕೊಯ್ದು, ಇಲ್ಲವೇ ಹೊಲದಲ್ಲಿ ದಿನವಿಡೀ ದುಡಿದು ಬಂದವರಿಗೆ ಇದೇ ಪ್ಲೇಟು ಭಾರವಲ್ಲ. ಅಂಗಡಿಯ ಗಲ್ಲಾದಲ್ಲಿ ದಿನವಿಡೀ ಕೂರುವವರಿಗೆ ಅದು ದಿನದ ಅರ್ಧದ ಹತ್ತಿರ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಕೋಳಿಯ ಬಿರಿಯಾನಿಗೆ. ಮಟನ್ ಬಿರಿಯಾನಿಯಲ್ಲಿ ಲೆಕ್ಕ ಇನ್ನೊಂದು ಕಡೆ ಸಡಿಲವಾಗುತ್ತದೆ. ಕುರಿಯ ಮಾಂಸಕ್ಕೆ ಅಂಟಿದ ಕೊಬ್ಬು ಗಂಟೆಗಟ್ಟಲೆ ಬೇಯುವಾಗ ಕರಗಿ ಮಸಾಲೆಗೆ, ಅಲ್ಲಿಂದ ಅನ್ನಕ್ಕೆ ಇಳಿಯುತ್ತದೆ. ಹತ್ತು ಕೆ.ಜಿ. ಅಕ್ಕಿಗೆ ಒಂದೂವರೆ ಲೀಟರ್ ಎಣ್ಣೆ ಸಾಕಾಯಿತೆಂದು ಅಡುಗೆಯವರು ಹೇಳಿದ್ದು ನಿಜವೇ ಇರುತ್ತದೆ, ಆದರೆ ಅನ್ನದಲ್ಲಿರುವ ಕೊಬ್ಬು ಅಷ್ಟೇ ಅಲ್ಲ. ಕೇಳಿ ತಿಳಿಯುವ ದಾರಿ ಇಲ್ಲಿ ಸಾಲದು, ಲೋಟದ ಪರೀಕ್ಷೆಯೇ ಬೇಕು. ಫ್ರಿಜ್ಜಿನವರೆಗೂ ಹೋಗದೆ ಒಂದು ಸುಳಿವು ತಟ್ಟೆಯಲ್ಲೇ ಸಿಗುತ್ತದೆ: ಉಂಡು ಕೈ ತೊಳೆದು ಬರುವಷ್ಟರಲ್ಲಿ ತಟ್ಟೆಯ ಅಂಚಿನಲ್ಲಿ, ಮೂಳೆಯ ಸುತ್ತ ಬಿಳಿ ಪೊರೆ ಕಟ್ಟಿದ್ದರೆ ಅದು ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆಯಲ್ಲ. ಕುರಿಯ ಕೊಬ್ಬೋ, ಡಾಲ್ಡಾವೋ. ಅಂಥ ತಟ್ಟೆಯ ಲೆಕ್ಕ ಬರೆಯುವಾಗ ಎಣ್ಣೆಯನ್ನು ಮೇಲಿನ ಗಡಿಗೇ ಹಿಡಿಯಬೇಕು.